ಸಂಘದ ಹೊಸ ಜಾಲತಾಣ: ಈ ತಿಂಗಳ ಮೆಂಟೆನೆನ್ಸ್‌ನಿಂದಲೇ ಬಳಕೆಗೆ

ಕಾರ್ಯದರ್ಶಿ

ಎಲ್ಲ ಸದಸ್ಯರಿಗೂ ನಮಸ್ಕಾರ. ಸಂಘದ ಹೊಸ ಜಾಲತಾಣ ತಯಾರಾಗಿದೆ. ವಿಳಾಸವನ್ನು ಇಲ್ಲಿ ಹಾಕುತ್ತಿಲ್ಲ. ಪ್ರತಿ ಬ್ಲಾಕಿನ ತಳಮಹಡಿಯಲ್ಲಿ, ಲಿಫ್ಟ್ ಪಕ್ಕದ ಬೀಗ ಹಾಕಿದ ಗಾಜಿನ ನೋಟಿಸ್ ಬೋರ್ಡಿನೊಳಗೆ ದೊಡ್ಡ ಅಕ್ಷರದಲ್ಲಿ ಅಂಟಿಸಿದೆ. ನೋಡಿಕೊಂಡು ನೀವೇ ಟೈಪ್ ಮಾಡಿ. ಕ್ಯೂಆರ್ ಕೋಡ್ ಬೇಕೆಂದೇ ಹಾಕಿಲ್ಲ, ಅದರ ಮೇಲೆ ಇನ್ನೊಂದು ಸ್ಟಿಕ್ಕರ್ ಅಂಟಿಸಿ ಹೋಗಲು ಒಂದು ನಿಮಿಷ ಸಾಕು. ‘ಮೆಂಟೆನೆನ್ಸ್ ಬಾಕಿ ಇದೆ, ಈ ಆಪ್ ಹಾಕಿಕೊಳ್ಳಿ’ ಎಂದು ಯಾರಾದರೂ ವಾಟ್ಸಾಪಿನಲ್ಲಿ ಫೈಲ್ ಕಳಿಸಿದರೆ ಅದು ನಮ್ಮದಲ್ಲ. ನಮಗೆ ಆಪ್ ಇಲ್ಲ.

ಮಾಲೀಕರ ರಿಜಿಸ್ಟರಿನಲ್ಲಿರುವ ಮೊಬೈಲ್ ನಂಬರ್ ಹಾಕಿದರೆ ಓಟಿಪಿ ಬರುತ್ತದೆ, ಪಾಸ್‌ವರ್ಡ್ ಇಲ್ಲ. ನಂಬರ್ ಬದಲಾಗಿದ್ದರೆ ಆಫೀಸಿನಲ್ಲಿ ಫಾರ್ಮ್ ತುಂಬಿ ಕೊಡಿ, ಫೋನಿನಲ್ಲಿ ಹೇಳಿದರೆ ಬದಲಾಯಿಸುವುದಿಲ್ಲ. ಒಳಗೆ ಹೋದರೆ ಮೂರು ಕೆಲಸ ಆಗುತ್ತದೆ: ನಿಮ್ಮ ಫ್ಲ್ಯಾಟಿನ ಲೆಕ್ಕ ನೋಡುವುದು, ದೂರು ದಾಖಲಿಸುವುದು, ಬೈಲಾ ಮತ್ತು ಸಭೆಯ ನಡಾವಳಿ ಓದುವುದು. ಬಾಡಿಗೆಯವರಿಗೆ ಬೇರೆ ಲಾಗಿನ್ ಇದೆ, ಅದರಲ್ಲಿ ದೂರು ಮಾತ್ರ ಕಾಣುತ್ತದೆ. ಲೆಕ್ಕವೂ ಕಾಣಬೇಕೆಂದರೆ ಮಾಲೀಕರು ತಮ್ಮ ಪುಟದಲ್ಲಿ ಒಂದು ಟಿಕ್ ಹಾಕಬೇಕು.

ದುಡ್ಡು ಕಟ್ಟುವ ವಿಧಾನ ಬದಲಾಗಿದೆ. ಅದನ್ನು ಖಜಾಂಚಿಯವರು ಕೆಳಗೆ ಬರೆಯುತ್ತಾರೆ. ದಯವಿಟ್ಟು ಪೂರ್ತಿ ಓದಿ.

ಖಜಾಂಚಿ

ಇಲ್ಲಿವರೆಗೆ 96 ಮನೆಯವರೂ ಒಂದೇ ಅಕೌಂಟ್ ನಂಬರಿಗೆ ಹಾಕುತ್ತಿದ್ದಿರಿ. ತಿಂಗಳ ಮೊದಲ ವಾರ ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಇಂಥ ಸಾಲು ಬರುತ್ತದೆ:

```
UPI/CR/515512345678/4340.00/maint
```

ಇದು ಯಾರದು? ಚದರಡಿಗೆ 3.50 ರೂಪಾಯಿ. 1,240 ಚದರಡಿಯ ಮನೆಗೆ 4,340. ಆದರೆ ಒಂದೇ ಸಾಲಿನಲ್ಲಿ ಮೇಲೆ ಕೆಳಗೆ ಇರುವ ಮನೆಗಳೆಲ್ಲ ಒಂದೇ ಅಳತೆ. ಬಿ-204, ಬಿ-304, ಬಿ-404 ಮೂರಕ್ಕೂ 4,340 ರೂಪಾಯಿಯೇ. ಕಳಿಸಿದವರ ಹೆಸರು ನೋಡೋಣ ಎಂದರೆ ದುಡ್ಡು ಬಂದಿರುವುದು ಸೊಸೆಯ ಅಕೌಂಟಿನಿಂದ, ರಿಜಿಸ್ಟರಿನಲ್ಲಿರುವುದು ಮಾವನ ಹೆಸರು. ಹೀಗೆ ಗುರುತು ಸಿಗದವನ್ನೆಲ್ಲ ‘ಸಸ್ಪೆನ್ಸ್’ ಎಂಬ ಕಡೆ ಇಡುತ್ತಿದ್ದೆವು. ‘ಕಟ್ಟಿದ್ದೇನೆ, ಬಾಕಿ ಅಂತ ಯಾಕೆ ತೋರಿಸ್ತೀರಿ’ ಎಂಬ ಜಗಳಗಳಲ್ಲಿ ಹೆಚ್ಚಿನವು ಅಲ್ಲಿಂದ ಹುಟ್ಟಿದವು.

ಇನ್ನು ಮುಂದೆ ಪ್ರತಿ ಫ್ಲ್ಯಾಟಿಗೂ ಒಂದೊಂದು ಅಕೌಂಟ್ ನಂಬರ್. ಬ್ಯಾಂಕಿನಲ್ಲಿ 96 ಖಾತೆ ತೆರೆದಿಲ್ಲ. ಖಾತೆ ಹಳೆಯದೇ, ಒಂದೇ. ನಂಬರಿನ ಮೊದಲ ಭಾಗ ಎಲ್ಲರಿಗೂ ಒಂದೇ, ಕೊನೆಯ ನಾಲ್ಕು ಅಂಕಿ ನಿಮ್ಮ ಮನೆ. ಎ ಬ್ಲಾಕಿಗೆ 1, ಬಿ-ಗೆ 2, ಸಿ-ಗೆ 3. ಬಿ-304 ಅಂದರೆ `2304`. ಅದಕ್ಕೆ ಬಂದ ದುಡ್ಡನ್ನು ಬ್ಯಾಂಕು ನಮ್ಮ ಖಾತೆಗೆ ಹಾಕಿ, ‘ಇದು 2304ಕ್ಕೆ ಬಂದದ್ದು’ ಎಂದು ಜಾಲತಾಣಕ್ಕೆ ತಿಳಿಸುತ್ತದೆ. ಯಾರ ಅಕೌಂಟಿನಿಂದ ಬಂತು ಎಂಬುದು ಇನ್ನು ಮುಖ್ಯವಲ್ಲ.

ನಿಮ್ಮ ಬ್ಯಾಂಕಿನ ಆಪಿನಲ್ಲಿ ಹಳೆಯ ಬೆನಿಫಿಶಿಯರಿಯನ್ನು ಅಳಿಸಿ, ಹೊಸದನ್ನು ಸೇರಿಸಿ. ಐಎಫ್‌ಎಸ್‌ಸಿ ಕೋಡಿನ ಐದನೇ ಅಕ್ಷರ ಯಾವಾಗಲೂ ಸೊನ್ನೆ, ಇಂಗ್ಲಿಷಿನ ಓ ಅಲ್ಲ. ಹೊಸ ಬೆನಿಫಿಶಿಯರಿಗೆ ಮೊದಲ ದಿನ ಹಲವು ಬ್ಯಾಂಕುಗಳು ಮಿತಿ ಹಾಕುತ್ತವೆ, ಆದ್ದರಿಂದ ಗಡುವಿನ ದಿನವಾದ 10ನೇ ತಾರೀಖಿನ ರಾತ್ರಿ ಸೇರಿಸಲು ಹೋಗಬೇಡಿ. ತಿಂಗಳು ತಿಂಗಳು ತಾನಾಗಿಯೇ ಹೋಗುವ ಹಾಗೆ ಸ್ಟ್ಯಾಂಡಿಂಗ್ ಇನ್‌ಸ್ಟ್ರಕ್ಷನ್ ಕೊಟ್ಟವರು ಅದನ್ನೂ ರದ್ದು ಮಾಡಿ ಹೊಸದಾಗಿ ಕೊಡಬೇಕು. ಮರೆತರೆ ದುಡ್ಡು ಹಳೆಯ ನಂಬರಿಗೇ ಹೋಗಿ ಮತ್ತೆ ಸಸ್ಪೆನ್ಸಿನಲ್ಲಿ ಕೂರುತ್ತದೆ.

ಸಿ-501

ಇಷ್ಟೆಲ್ಲ ಯಾಕೆ ಸರ್? ಹಿಂದೆ ಇದ್ದ ಅಪಾರ್ಟ್‌ಮೆಂಟಿನಲ್ಲಿ ಪೈಸೆ ಸೇರಿಸಿ ಕಟ್ಟಿಸ್ತಿದ್ರು. ಒಂದನೇ ಮನೆಗೆ 4340.01, ಎರಡನೇ ಮನೆಗೆ 4340.02. ಯಾವ ಸಾಫ್ಟ್‌ವೇರೂ ಬೇಡ, ಖರ್ಚೂ ಇಲ್ಲ.

ಖಜಾಂಚಿ

ಪೈಸೆಯ ಉಪಾಯ ಕೆಟ್ಟದ್ದಲ್ಲ, ಚಿಕ್ಕ ಜಾಗಕ್ಕೆ ನಡೆಯುತ್ತದೆ. ಎಲ್ಲರೂ ಪ್ರತಿ ತಿಂಗಳೂ ಸರಿಯಾಗಿ ಅಷ್ಟನ್ನೇ ಕಟ್ಟಿದರೆ ಮಾತ್ರ. ಒಬ್ಬರು ‘ಇರಲಿ’ ಅಂತ 4,500 ಕಳಿಸಿದರೆ ಪೈಸೆ ಮಾಯ. ಇನ್ನೊಬ್ಬರು ಮೂರು ತಿಂಗಳದ್ದು ಒಟ್ಟಿಗೆ ಕಟ್ಟುವಾಗ ಪೈಸೆಯನ್ನೂ ಮೂರರಿಂದ ಗುಣಿಸುತ್ತಾರೆ, .12 ಹೋಗಿ .36 ಆಗುತ್ತದೆ, ಅದು ಬೇರೆ ಮನೆಯವರ ಗುರುತು. 96 ಮನೆ ಎಂದರೆ 99 ಪೈಸೆಯೊಳಗೆ ಹೇಗೋ ಹಿಡಿಸುತ್ತದೆ ಅನ್ನಿ, ಆದರೆ ಅಂಗಡಿ ಮಳಿಗೆಗಳನ್ನೂ ಸೇರಿಸಿದರೆ ಅದೂ ಮುಗಿಯಿತು.

ಬಿ-304

ಖಜಾಂಚಿಯವರೇ, ನನ್ನ ಮನೆಯನ್ನೇ ಉದಾಹರಣೆ ಮಾಡಿದ್ದೀರಿ, ಸಂತೋಷ. ನಾನು ಚೆಕ್ ಕೊಡುವವನು. ಅದನ್ನು ನಿಲ್ಲಿಸಿದ್ದೀರಾ? ಮತ್ತೆ ಒಂದು ಅಂಕಿ ತಪ್ಪಿದರೆ ದುಡ್ಡು ಎಲ್ಲಿಗೆ ಹೋಗುತ್ತದೆ?

ಖಜಾಂಚಿ

ಚೆಕ್ ನಿಲ್ಲಿಸಿಲ್ಲ ಸರ್. ಸಂಘದ ಹೆಸರಿಗೆ ಬರೆದು, ಹಿಂದೆ ಫ್ಲ್ಯಾಟ್ ನಂಬರ್ ಮತ್ತು ಫೋನ್ ನಂಬರ್ ಹಾಕಿ ಆಫೀಸಿನ ಡಬ್ಬಕ್ಕೆ ಹಾಕಿ. ಕ್ಲಿಯರ್ ಆದ ಮೇಲೆ ಮ್ಯಾನೇಜರ್ ಕೈಯಿಂದ ನಮೂದಿಸುತ್ತಾರೆ. ಆದ್ದರಿಂದ ಎರಡು ಮೂರು ದಿನ ನಿಮ್ಮ ಪುಟದಲ್ಲಿ ಬಾಕಿ ಎಂದೇ ಇರುತ್ತದೆ, ಗಾಬರಿ ಬೇಡ.

ಎರಡನೇ ಪ್ರಶ್ನೆಯನ್ನು ಕೇಳಿದ್ದು ಒಳ್ಳೆಯದಾಯಿತು. ಈ ವ್ಯವಸ್ಥೆಯ ದುರ್ಬಲ ಜಾಗ ಅದೇ. `2304` ಬದಲು `2404` ಎಂದು ಒತ್ತಿದಿರಿ ಅನ್ನಿ. ಬ್ಯಾಂಕು ತಡೆಯುವುದಿಲ್ಲ, ಯಾಕೆಂದರೆ 2404 ಕೂಡ ಸರಿಯಾದ ನಂಬರೇ. ಕಳಿಸುವ ಮುಂಚೆ ಹೆಸರು ತೋರಿಸಿದರೂ ಸಹಾಯವಿಲ್ಲ, ಯಾವ ನಂಬರಿಗಾದರೂ ಬರುವುದು ಸಂಘದ ಹೆಸರೇ. ದುಡ್ಡು ಸಂಘಕ್ಕೇ ಬರುತ್ತದೆ, ಕಳೆದುಹೋಗುವುದಿಲ್ಲ, ಆದರೆ ನಿಮ್ಮ ಮೇಲಿನ ಮನೆಯವರ ಲೆಕ್ಕದಲ್ಲಿ 4,340 ಮುಂಗಡ ಎಂದು ಕೂರುತ್ತದೆ. ಅವರು ಮುಂದಿನ ತಿಂಗಳು ‘ಬಾಕಿ ಸೊನ್ನೆ’ ನೋಡಿ ಕಟ್ಟುವುದೇ ಇಲ್ಲ, ಗೋಜಲು ಶುರು.

ಅದಕ್ಕೇ ಮೊದಲ ಸಲ ಒಂದು ರೂಪಾಯಿ ಮಾತ್ರ ಕಳಿಸಿ. ಐಎಂಪಿಎಸ್ ಅಥವಾ ಯುಪಿಐ ಆದರೆ ಸುಮಾರು ಹತ್ತು ನಿಮಿಷದಲ್ಲಿ ನಿಮ್ಮ ಪುಟದಲ್ಲಿ ‘1.00 ಜಮಾ’ ಎಂದು ಕಾಣಬೇಕು. ಕಂಡ ಮೇಲೆ ಉಳಿದದ್ದು ಕಳಿಸಿ. ಕಾಣದಿದ್ದರೆ ಆಪಿನಲ್ಲಿರುವ 12 ಅಂಕಿಯ ಯುಪಿಐ ರೆಫರೆನ್ಸ್ ನಂಬರನ್ನು ದೂರಿನ ಪುಟದಲ್ಲಿ ಹಾಕಿ. ಸ್ಕ್ರೀನ್‌ಶಾಟ್ ಇದ್ದರೂ ನಂಬರನ್ನು ಟೈಪ್ ಮಾಡಿಯೇ ಕೊಡಿ, ಚಿತ್ರದಲ್ಲಿರುವ ನಂಬರಿಗೆ ಹುಡುಕಾಟ ನಡೆಯುವುದಿಲ್ಲ.

ಎ-112

ನಾನು ಆಗಲೇ ಲಾಗಿನ್ ಆಗಿ ನೋಡಿದೆ. ಜೂನ್ ತಿಂಗಳದ್ದು ಜೂನ್ 4ಕ್ಕೇ ಕಟ್ಟಿದ್ದೀನಿ, 4,340 ಪೂರ್ತಿ. ಆದರೂ ‘ಜೂನ್ ಬಾಕಿ ₹86.80’ ಅಂತ ತೋರಿಸ್ತಿದೆ. ಹೊಸ ಸಾಫ್ಟ್‌ವೇರ್ ಲೆಕ್ಕನೇ ತಪ್ಪು ಅನ್ಸುತ್ತೆ.

ಖಜಾಂಚಿ

ಮೇಡಂ, ಲೆಕ್ಕ ಸರಿಯಿದೆ. ಆದರೆ ತೋರಿಸುವ ರೀತಿ ಗೊಂದಲಕ್ಕೆ ಎಡೆಮಾಡುತ್ತದೆ, ಒಪ್ಪುತ್ತೇನೆ. ನಿಮ್ಮ ಮಾರ್ಚ್ ಕಂತು ಎರಡು ತಿಂಗಳು ತಡವಾಗಿ ಬಂದಿತ್ತು. ಬೈಲಾ ಪ್ರಕಾರ ಬಡ್ಡಿ ವರ್ಷಕ್ಕೆ ಶೇ. 12, ಅಂದರೆ ತಿಂಗಳಿಗೆ ಶೇ. 1. 4,340ಕ್ಕೆ 43.40. ಎರಡು ತಿಂಗಳಿಗೆ 86.80. ಆ ಬಡ್ಡಿಯನ್ನು ನೀವು ಕಟ್ಟಿರಲಿಲ್ಲ, ಎಕ್ಸೆಲ್ ಹಾಳೆಯಲ್ಲಿ ಬೇರೆ ಕಾಲಮ್ಮಿನಲ್ಲಿ ಬಿದ್ದಿತ್ತು, ಯಾರ ಕಣ್ಣಿಗೂ ಬೀಳಲಿಲ್ಲ.

ಹೊಸ ಲೆಕ್ಕದಲ್ಲಿ ಬಂದ ದುಡ್ಡು ಯಾವಾಗಲೂ ಅತಿ ಹಳೆಯ ಬಾಕಿಗೆ ಮೊದಲು ಜಮಾ ಆಗುತ್ತದೆ. ನಿಮ್ಮ 4,340ರಲ್ಲಿ ಮೊದಲು 86.80 ಹಳೆಯ ಬಡ್ಡಿಗೆ ಹೋಯಿತು. ಉಳಿದ 4,253.20 ಜೂನಿಗೆ. ಹಾಗಾಗಿ ಜೂನಿನಲ್ಲಿ 86.80 ಕಡಿಮೆ. ‘ಲೆಕ್ಕ’ ಪುಟದಲ್ಲಿ ಜೂನ್ ಮೇಲೆ ಒತ್ತಿದರೆ ಈ ಎರಡು ಸಾಲೂ ತೆರೆದುಕೊಳ್ಳುತ್ತವೆ.

ಎ-112

ನೋಡಿದೆ, ಇದೆ. ಆದ್ರೆ ಮಾರ್ಚ್‌ನಲ್ಲಿ ನಾನು ಲೇಟ್ ಮಾಡಿದ್ದೇ ಅಲ್ಲ, ನಿಮ್ಮ ಸಸ್ಪೆನ್ಸ್‌ನಲ್ಲಿ ಕೂತಿತ್ತು ದುಡ್ಡು!

ಖಜಾಂಚಿ

ಹಾಗಿದ್ದರೆ ಬ್ಯಾಂಕಿನಿಂದ ದುಡ್ಡು ಹೋದ ದಿನಾಂಕ ಮತ್ತು ರೆಫರೆನ್ಸ್ ನಂಬರ್ ಕೊಡಿ. ಸಂಘದ ಖಾತೆಗೆ ಗಡುವಿನೊಳಗೆ ಬಂದಿದ್ದರೆ ಬಡ್ಡಿ ತೆಗೆಯುತ್ತೇವೆ. ಇದು ಎಲ್ಲರಿಗೂ ಅನ್ವಯ. ಹಳೆಯ ಎಕ್ಸೆಲ್ ಹಾಳೆಯ ಬಾಕಿಯನ್ನು ಹಾಗೇ ಎತ್ತಿ ಹೊಸ ಜಾಲತಾಣಕ್ಕೆ ಹಾಕಿದ್ದೇವೆ, ಹಳೆಯ ತಪ್ಪೂ ಜೊತೆಗೆ ಬಂದಿರಬಹುದು. ಈ ತಿಂಗಳು ಒಮ್ಮೆ ‘ಆರಂಭದ ಬಾಕಿ’ ಸಾಲನ್ನು ನಿಮ್ಮ ರಸೀದಿಗಳ ಜೊತೆ ತಾಳೆ ನೋಡಿ.

ಸಿ-203

ಇಲ್ಲಿ ಇ-ಖಾತಾನೂ ಡೌನ್‌ಲೋಡ್ ಮಾಡ್ಕೋಬಹುದಾ? ಬ್ಯಾಂಕ್ ಲೋನಿಗೆ ಅರ್ಜೆಂಟ್ ಬೇಕಿತ್ತು.

ಕಾರ್ಯದರ್ಶಿ

ಇಲ್ಲ, ಖಾತಾ ಪಾಲಿಕೆಯ ಕೆಲಸ, ಅವರ ಜಾಲತಾಣದಲ್ಲೇ ಆಗಬೇಕು. ಸಂಘ ಕೊಡುವುದು ‘ಬಾಕಿ ಇಲ್ಲ’ ಎಂಬ ಪತ್ರ ಮಾತ್ರ. ಲೆಕ್ಕದಲ್ಲಿ ಬಾಕಿ ಸೊನ್ನೆ ಇದ್ದರೆ ಅಲ್ಲೇ ಕೋರಿಕೆ ಹಾಕಿ, ಸಹಿ ಮಾಡಿದ ಪ್ರತಿಯನ್ನು ಆಫೀಸಿನಿಂದ ತೆಗೆದುಕೊಳ್ಳಿ.

ಸಿ-405

ಒಂದು ಅನುಮಾನ. 10ನೇ ತಾರೀಖು ರಾತ್ರಿ 11.50ಕ್ಕೆ ನೆಫ್ಟ್ ಮಾಡಿದೆ ಅನ್ನಿ. ಗಡುವಿನೊಳಗೆ ಲೆಕ್ಕವೋ ಅಲ್ಲವೋ?

ಖಜಾಂಚಿ

ನೆಫ್ಟ್ 2019ರ ಡಿಸೆಂಬರಿನಿಂದ ಹಗಲು ರಾತ್ರಿ ನಡೆಯುತ್ತದೆ, ಆದರೆ ತಕ್ಷಣ ಅಲ್ಲ. ಅರ್ಧ ಗಂಟೆಗೊಂದು ಕಂತಿನಂತೆ ಒಟ್ಟಿಗೆ ಹೋಗುತ್ತದೆ. 11.50ರದ್ದು 12 ಗಂಟೆಯ ಕಂತಿಗೆ ಸೇರುತ್ತದೆ, ನಮ್ಮ ಖಾತೆಗೆ ಬರುವ ಹೊತ್ತಿಗೆ 11ನೇ ತಾರೀಖು. ಜಾಲತಾಣ ನೋಡುವುದು ಖಾತೆಗೆ ಬಂದ ದಿನವನ್ನು, ಆದ್ದರಿಂದ ಈಗಿರುವಂತೆ ಬಡ್ಡಿ ಬೀಳುತ್ತದೆ.

ಸಿ-405

ಬೈಲಾದಲ್ಲಿ ‘10ನೇ ತಾರೀಖಿನೊಳಗೆ ಪಾವತಿಸತಕ್ಕದ್ದು’ ಅಂತಿದೆ. ನನ್ನ ಅಕೌಂಟಿನಿಂದ ಹೋದ ಕ್ಷಣ ನಾನು ಪಾವತಿಸಿದ ಹಾಗೆ. ಸಾಫ್ಟ್‌ವೇರಿಗೆ ಅನುಕೂಲ ಅಂತ ಬೈಲಾದ ಅರ್ಥ ಬದಲಾಗೋದಿಲ್ಲ.

ಬಿ-304

ಚೆಕ್ಕಿಗೂ ಇದೇ ಪ್ರಶ್ನೆ ಬರುತ್ತದೆ. ನಾನು 8ಕ್ಕೆ ಡಬ್ಬಕ್ಕೆ ಹಾಕುತ್ತೇನೆ, ಕ್ಲಿಯರ್ ಆಗುವುದು 11ಕ್ಕೆ. ನನಗೆ ಯಾವತ್ತೂ ಬಡ್ಡಿ ಹಾಕಿಲ್ಲ. ಚೆಕ್ಕಿಗೊಂದು ನ್ಯಾಯ, ಫೋನಿಗೊಂದು ನ್ಯಾಯ ಇರಬಾರದು.

ಕಾರ್ಯದರ್ಶಿ

ಮಾತು ಸರಿ. ಸಮಿತಿಯಲ್ಲಿ ಇದರ ಬಗ್ಗೆ ಎರಡು ಅಭಿಪ್ರಾಯ ಇದೆ. ಮುಂದಿನ ಸಭೆಯ ವಿಷಯಸೂಚಿಗೆ ಹಾಕುತ್ತೇನೆ. ಅಲ್ಲಿವರೆಗೆ 11ನೇ ತಾರೀಖು ಬಂದದ್ದಕ್ಕೆ ಬಿದ್ದ ಬಡ್ಡಿಯನ್ನು ವಸೂಲಿ ಮಾಡುವುದಿಲ್ಲ, ಆದರೆ ಪುಟದಲ್ಲಿ ಕಾಣುತ್ತದೆ.

ಬಿ-601

ಬೈಲಾ ವಿಷಯ ಬಂತಲ್ಲ. ಜಾಲತಾಣದ ಹುಡುಕು ಪೆಟ್ಟಿಗೆಯಲ್ಲಿ ‘ಪಾರ್ಕಿಂಗ್’ ಅಂತ ಹಾಕಿದರೆ ಬೈಲಾ ಬರೋದೇ ಇಲ್ಲ. ಫೈಲ್ ತೆರೆದರೆ ಕನ್ನಡ ಚೆನ್ನಾಗಿಯೇ ಕಾಣುತ್ತೆ. ಅದರಿಂದ ಒಂದು ಸಾಲು ಕಾಪಿ ಮಾಡಿ ವಾಟ್ಸಾಪಿಗೆ ಹಾಕಿದರೆ ಹೀಗೆ ಬರುತ್ತೆ: `PÀ£ÀßqÀ ¸ÀAWÀ`. ವೈರಸ್ಸಾ?

ಎ-507

ವೈರಸ್ಸಲ್ಲ, ಹಳೇ ‘ನುಡಿ’ ಸಾಫ್ಟ್‌ವೇರಿನ ಬರಹ. ಆ ಬೈಲಾ ಟೈಪ್ ಮಾಡಿರೋದು ಯೂನಿಕೋಡ್ ಅಲ್ಲದ ಫಾಂಟಿನಲ್ಲಿ. ಫೈಲಿನ ಒಳಗೆ ನಿಜವಾಗಿ ಇರೋದು ಆ ವಿಚಿತ್ರ ಇಂಗ್ಲಿಷ್ ಅಕ್ಷರಗಳೇ, ಫಾಂಟು ಅವುಗಳ ಮೇಲೆ ಕನ್ನಡದ ಮುಖವಾಡ ಹಾಕ್ತಿತ್ತು. ನೀವು ಕಾಪಿ ಮಾಡಿದ ಸಾಲು ‘ಕನ್ನಡ ಸಂಘ’. ಮೊಬೈಲಿನಲ್ಲಿ ಆ ಫಾಂಟ್ ಇಲ್ಲ, ಮುಖವಾಡ ಕಳಚಿತು. ಹುಡುಕು ಪೆಟ್ಟಿಗೆಗೂ ಕಾಣೋದು ಅದೇ, ಹಾಗಾಗಿ ‘ಪಾರ್ಕಿಂಗ್’ ಅಲ್ಲಿ ಸಿಗೋದಿಲ್ಲ.

ಮೂಲ ವರ್ಡ್ ಫೈಲ್ ಯಾರ ಹತ್ತಿರವಾದರೂ ಇದ್ದರೆ ಕೊಡಿ, ಪರಿವರ್ತಕದಲ್ಲಿ ಹಾಕಿ ಯೂನಿಕೋಡ್ ಮಾಡ್ತೀನಿ. ಪಿಡಿಎಫ್‌ನಿಂದ ಮಾಡಿದರೆ ಅರ್ಕಾವೊತ್ತು ಎಡವುತ್ತೆ. ನುಡಿಯಲ್ಲಿ ಅರ್ಕಾವೊತ್ತು ಅಕ್ಷರದ ನಂತರ ಬರುತ್ತೆ, ಯೂನಿಕೋಡಿನಲ್ಲಿ ‘ರ್’ ಮುಂಚೆ ಬರಬೇಕು. ಸರಿಯಾಗಿ ಅದಲುಬದಲು ಆಗದಿದ್ದರೆ ‘ಕಾರ್ಯದರ್ಶಿ’ ಹೋಗಿ ‘ಕಾಯರ್ದಶಿರ್’ ಆಗಿಬಿಡ್ತಾರೆ. ಅದಕ್ಕೇ ಪರಿವರ್ತನೆ ಆದ ಮೇಲೆ ಮೊದಲು ‘ಯರ್’, ‘ಶಿರ್’, ‘ತರ್’ ಅಂತ ಹುಡುಕಿ ನೋಡೋದು. ಒಂದೂ ಸಿಗದಿದ್ದರೆ ಬಹುಮಟ್ಟಿಗೆ ಸರಿ.

ಸಿ-501

ಸ್ಕ್ಯಾನ್ ಮಾಡಿ ಓಸಿಆರ್ ಮಾಡಿಬಿಡಿ, ಐದು ನಿಮಿಷದ ಕೆಲಸ.

```
tesseract baila-01.png baila-01 -l kan+eng
```

ಎ-507

ಓಡುತ್ತೆ, ಅದನ್ನೂ ಇಟ್ಟುಕೊಂಡಿದ್ದೀನಿ. ಕೈಬರಹದ ನಡಾವಳಿ ಪುಸ್ತಕಕ್ಕೆ ಅದು ನಡೆಯಲ್ಲ. ಟೈಪ್ ಮಾಡಿದ ಪುಟಕ್ಕೂ ಒತ್ತಕ್ಷರ ಮತ್ತು ಕನ್ನಡ ಅಂಕಿ ಬಂದ ಕಡೆ ಕಣ್ಣಿಟ್ಟು ಓದಲೇಬೇಕು. ‘೦’ ಸೊನ್ನೆಯೋ ಅನುಸ್ವಾರವೋ ಅಂತ ಯಂತ್ರಕ್ಕೆ ಅನುಮಾನ ಬರುತ್ತೆ, ‘೧೦ನೇ ತಾರೀಖು’ ಕೈಕೊಟ್ಟರೆ ಮೇಲಿನ ಜಗಳ ಇನ್ನೂ ಬೆಳೆಯುತ್ತೆ.

ಕಾರ್ಯದರ್ಶಿ

ಒಂದು ಸ್ಪಷ್ಟನೆ. ನೋಂದಣಿಯಾದ ಸ್ಕ್ಯಾನ್ ಪ್ರತಿಯೇ ಅಧಿಕೃತ. 1972ರ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯಡಿಯ ಡೀಡ್ ಆಫ್ ಡಿಕ್ಲರೇಷನ್ ಮತ್ತು ಬೈಲಾ ಎರಡೂ ಹಾಗೆಯೇ ಇರುತ್ತವೆ. ಟೈಪ್ ಮಾಡಿದ ಪ್ರತಿ ಹುಡುಕಲು, ಓದಲು ಮಾತ್ರ. ಎರಡರ ನಡುವೆ ವ್ಯತ್ಯಾಸ ಕಂಡರೆ ಸ್ಕ್ಯಾನ್ ನೋಡಿ.

ಸಿ-302

ನಾವು ಮಸ್ಕತ್‌ನಲ್ಲಿದ್ದೇವೆ. ಓಟಿಪಿ ಬರ್ತಾನೇ ಇಲ್ಲ. ಅದಲ್ಲದೆ ಇನ್ನೊಂದು ವಿಷಯ: ನನ್ನ ಹೆಸರು ಗೂಗಲ್‌ನಲ್ಲಿ ಹುಡುಕಿದರೆ ಸಂಘದ ಹಳೇ ಸೈಟಿನ ಪಿಡಿಎಫ್ ಬರುತ್ತೆ, ಅದರಲ್ಲಿ ಎಲ್ಲರ ಫೋನ್ ನಂಬರ್, ಜೊತೆಗೆ ಬಾಕಿದಾರರ ಪಟ್ಟಿ. ಹೊಸದರಲ್ಲೂ ಹೀಗೇನಾ?

ಕಾರ್ಯದರ್ಶಿ

ಎಸ್‌ಎಂಎಸ್ ಭಾರತದ ನಂಬರಿಗೆ ಮಾತ್ರ ಹೋಗುತ್ತದೆ. ನಿಮ್ಮ ಇಮೇಲನ್ನು ರಿಜಿಸ್ಟರಿಗೆ ಸೇರಿಸಲು ಬರೆದು ಕಳಿಸಿ, ಓಟಿಪಿ ಅಲ್ಲಿಗೆ ಬರುತ್ತದೆ. ಬಾಡಿಗೆಯವರ ನಂಬರ್ ಕೊಟ್ಟುಬಿಡಿ ಎಂದು ಕೆಲವರು ಕೇಳುತ್ತಾರೆ, ಅದು ಬೇಡ. ಆಮೇಲೆ ನಿಮ್ಮ ಮನೆಯ ಲೆಕ್ಕ, ಪತ್ರವ್ಯವಹಾರ ಎಲ್ಲ ಅವರ ಕೈಯಲ್ಲಿರುತ್ತದೆ.

ಸಿ-501

ಪಿಡಿಎಫ್‌ಗೆ ಪರಿಹಾರ ಸುಲಭ, `robots.txt`ನಲ್ಲಿ ಎರಡು ಸಾಲು ಹಾಕಿ:

```
User-agent: *
Disallow: /dakhale/
```

ಎ-507

ಅರ್ಧ ಸರಿ. ಅದು ಗೂಗಲ್‌ಗೆ ‘ಈ ಕೋಣೆಗೆ ಬರಬೇಡಪ್ಪ’ ಅನ್ನೋ ಚೀಟಿ, ಬೀಗ ಅಲ್ಲ. ವಿಳಾಸ ಗೊತ್ತಿದ್ದವರು ಯಾರು ಬೇಕಾದರೂ ಫೈಲ್ ತೆರೆಯಬಹುದು. `robots.txt` ಎಲ್ಲರಿಗೂ ಕಾಣೋ ಫೈಲಾದ್ದರಿಂದ ದಾಖಲೆ ಎಲ್ಲಿದೆ ಅಂತ ನಾವೇ ಬೋರ್ಡ್ ಹಾಕಿದ ಹಾಗೂ ಆಗುತ್ತೆ. ಇನ್ನೊಂದು ತೊಂದರೆ, ಬೇರೆ ಕಡೆಯಿಂದ ಆ ಫೈಲಿಗೆ ಲಿಂಕ್ ಇದ್ದರೆ ಒಳಗೆ ಓದದೇನೇ ಗೂಗಲ್ ವಿಳಾಸವನ್ನು ತೋರಿಸಬಹುದು. ಪಟ್ಟಿಯಿಂದ ತೆಗೆಯಲು `noindex` ಅಂತ ಹೇಳಬೇಕು, ಆದರೆ ಬಾಗಿಲಲ್ಲೇ ತಡೆದರೆ ಆ ಮಾತು ಅದಕ್ಕೆ ಕೇಳಿಸೋದೇ ಇಲ್ಲ.

ಹೊಸದರಲ್ಲಿ ಲಾಗಿನ್ ಆಗದೆ ಒಂದು ಪಿಡಿಎಫ್ ಕೂಡ ತೆರೆಯಲ್ಲ. ಪರೀಕ್ಷೆ ಮಾಡೋದು ಹೀಗೆ: ಯಾವುದಾದರೂ ದಾಖಲೆಯ ವಿಳಾಸ ಕಾಪಿ ಮಾಡಿ, ಬ್ರೌಸರಿನ ಇನ್‌ಕಾಗ್ನಿಟೋ ಕಿಟಕಿಯಲ್ಲಿ ಹಾಕಿ. ಲಾಗಿನ್ ಪುಟ ಬಂದರೆ ಸರಿ, ದಾಖಲೆಯೇ ತೆರೆದರೆ ನನಗೆ ತಿಳಿಸಿ. ಹಳೇ ಸೈಟಿನ ಫೈಲುಗಳನ್ನು ಅಳಿಸೋಕೆ ಅದರ ಕೀಲಿ ಬೇಕು, ಅಲ್ಲೇ ಸಿಕ್ಕಿಹಾಕಿಕೊಂಡಿದ್ದೀವಿ.

ಕಾರ್ಯದರ್ಶಿ

ಹಳೆಯ ಡೊಮೇನ್ ಹೆಸರು ಹಿಂದಿನ ಸಮಿತಿಯ ಸದಸ್ಯರೊಬ್ಬರ ಸ್ವಂತ ಇಮೇಲಿನಲ್ಲಿ ನೋಂದಣಿಯಾಗಿದೆ. ಅವರು ಮನೆ ಮಾರಿ ಹೋಗಿದ್ದಾರೆ, ಸಂಪರ್ಕಿಸುತ್ತಿದ್ದೇವೆ. ಹೊಸ ಡೊಮೇನ್ ಸಂಘದ ಹೆಸರಿನಲ್ಲಿದೆ, ಐದು ವರ್ಷಕ್ಕೆ ಕಟ್ಟಿದ್ದೇವೆ. ನವೀಕರಣದ ನೆನಪೋಲೆ ಅಧ್ಯಕ್ಷ, ಕಾರ್ಯದರ್ಶಿ, ಖಜಾಂಚಿ ಮೂವರಿಗೂ ಹುದ್ದೆಯ ಇಮೇಲಿನಲ್ಲಿ ಬರುತ್ತದೆ. ಸಮಿತಿ ಬದಲಾದಾಗ ಚೆಕ್‌ಬುಕ್ ಹಸ್ತಾಂತರದ ಪಟ್ಟಿಯಲ್ಲೇ ಇದನ್ನೂ ಸೇರಿಸಿದ್ದೇವೆ.

ಬಾಕಿದಾರರ ಪಟ್ಟಿ ಹೊಸದರಲ್ಲಿ ಇಲ್ಲ. ನಿಮ್ಮ ಬಾಕಿ ನಿಮಗೆ ಮಾತ್ರ ಕಾಣುತ್ತದೆ.

ಸಿ-405

ಅದು ತಪ್ಪು ನಿರ್ಧಾರ. ಎರಡು ವರ್ಷ ಕಟ್ಟದವರ ನೀರಿನ ಟ್ಯಾಂಕರ್ ಖರ್ಚನ್ನು ನಾವು ಹೊರಬೇಕು, ಅವರ ಹೆಸರು ಮಾತ್ರ ಗುಟ್ಟು. ಊರಿಗೆಲ್ಲ ಬೇಡ, ಲಾಗಿನ್ ಆದ ಮಾಲೀಕರಿಗಾದರೂ ಕಾಣಲಿ.

ಎ-112

ಮಾರ್ಚ್‌ನಲ್ಲಿ ನನ್ನ ಹೆಸರು ಆ ಪಟ್ಟಿಯಲ್ಲಿತ್ತು ಸರ್, ದುಡ್ಡು ಸಸ್ಪೆನ್ಸ್‌ನಲ್ಲಿದ್ದಾಗ. ಲಿಫ್ಟಲ್ಲಿ ಎಲ್ಲರೂ ನೋಡೋ ನೋಟ ನನಗೆ ಗೊತ್ತು. ಮೊದಲು ಲೆಕ್ಕ ಸರಿಹೋಗ್ಲಿ, ಆಮೇಲೆ ಪಟ್ಟಿ.

ಕಾರ್ಯದರ್ಶಿ

ಇದನ್ನೂ ಸಾಮಾನ್ಯ ಸಭೆಗೇ ಬಿಡುತ್ತೇನೆ.

ಬಿ-304

ಖಜಾಂಚಿಯವರೇ, ಚೆಕ್ ಬಿಟ್ಟು ಮೊದಲ ಬಾರಿಗೆ ಫೋನಿನಿಂದ ಒಂದು ರೂಪಾಯಿ ಕಳಿಸಿದೆ. ಏಳನೇ ನಿಮಿಷಕ್ಕೆ ‘1.00 ಜಮಾ’ ಎಂದು ಬಂತು. ಈಗ ಕಳಿಸಬೇಕಾದ್ದು 4,340 ರೂಪಾಯಿಯೋ, 4,339 ರೂಪಾಯಿಯೋ?

ಖಜಾಂಚಿ

4,339 ಸರ್. 4,340 ಕಳಿಸಿದರೂ ತೊಂದರೆಯಿಲ್ಲ, ಒಂದು ರೂಪಾಯಿ ಜುಲೈ ತಿಂಗಳ ಮುಂಗಡವಾಗಿ ಕೂತಿರುತ್ತದೆ.